ಮಾಡೆಲ್ ಮುಂದೆ ಜ್ಯೂರಿ

ವಾಸ್ತುಶಿಲ್ಪ ಕಾಲೇಜಿನ ಡಿಸೈನ್ ಸ್ಟುಡಿಯೋದಲ್ಲಿ ಒಂದು ಪ್ರಾಜೆಕ್ಟ್ ಮುಗಿದಾಗ ವಿದ್ಯಾರ್ಥಿ ತನ್ನ ನಕ್ಷೆಗಳನ್ನು ಗೋಡೆಗೆ ತೂಗುಹಾಕಿ, ಮಾಡೆಲನ್ನು ಮೇಜಿನ ಮೇಲಿಟ್ಟು, ಇಬ್ಬರು ಮೂವರು ಪರೀಕ್ಷಕರಿಗೆ ವಿವರಿಸಬೇಕು. ಇದೇ ಜ್ಯೂರಿ. ಇದರ ಬೇರು ಪ್ಯಾರಿಸ್‌ನ ಎಕೋಲ್ ದೆ ಬೋಜಾರ್ ಎಂಬ ಕಲಾಶಾಲೆಯಲ್ಲಿದೆ. 19ನೇ ಶತಮಾನದಲ್ಲಿ ಅಲ್ಲಿ ತೀರ್ಪು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿತ್ತು. ವಿದ್ಯಾರ್ಥಿ ಆರಂಭದಲ್ಲೇ ಬರೆದುಕೊಟ್ಟ ಕರಡನ್ನು ಶಾಲೆ ಕಾದಿಟ್ಟುಕೊಂಡು, ಕೊನೆಯ ನಕ್ಷೆ ಅದರಿಂದ ತೀರಾ ದೂರ ಸರಿದಿದ್ದರೆ ಸ್ಪರ್ಧೆಯಿಂದಲೇ ಹೊರಗಿಡುತ್ತಿತ್ತು. ಇಂದಿನ ಜ್ಯೂರಿ ವಿದ್ಯಾರ್ಥಿಯ ಎದುರೇ ನಡೆಯುತ್ತದೆ. ಆದರೂ ಹೇಳಿದ್ದನ್ನೇ ಕಟ್ಟಿದ್ದಾರೆಯೇ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಮಾಡೆಲನ್ನು ನೋಡುವಾಗ ಮೂರು ವಿಷಯ ಗಮನಕ್ಕೆ ಬರುತ್ತವೆ. ಏನು ಬೇಕು, ಎಷ್ಟು ಜಾಗದಲ್ಲಿ, ಯಾರಿಗಾಗಿ ಎಂದು ಮೊದಲೇ ಕೊಟ್ಟ ಬೇಡಿಕೆಪಟ್ಟಿ ಬ್ರೀಫ್. ಅದಕ್ಕೆ ವಿದ್ಯಾರ್ಥಿ ಕಂಡುಕೊಂಡ ಮೂಲ ಆಲೋಚನೆ ಕಾನ್ಸೆಪ್ಟ್. ಕತ್ತರಿಸಿ, ಅಂಟಿಸಿ ಮಾಡಿದ ಕೈಕೆಲಸ ಮೂರನೆಯದು. ಅಂಕಪಟ್ಟಿಯಲ್ಲಿ ಇವಕ್ಕೆ ಬೇರೆ ಬೇರೆ ಕಾಲಂ ಇರಬಹುದು, ಆದರೆ ನುರಿತ ಪರೀಕ್ಷಕರು ಒಂದರ ಮೂಲಕ ಇನ್ನೊಂದನ್ನು ಓದುತ್ತಾರೆ.

ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳಿಗೆ ಮೈಸೂರಿನ ಬಡಾವಣೆಯೊಂದರಲ್ಲಿ ಪುಟ್ಟ ಗ್ರಂಥಾಲಯ ವಿನ್ಯಾಸಗೊಳಿಸಲು ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. 40 ಚದರ ಮೀಟರ್ ಓದುವ ಕೋಣೆ ಬೇಕು, ಗಾಲಿಕುರ್ಚಿಯವರೂ ಸಲೀಸಾಗಿ ಒಳಬರಬೇಕು, ಸೈಟಿನಲ್ಲಿರುವ ಬೇವಿನ ಮರವನ್ನು ಕಡಿಯಬಾರದು. ಇದು ಬ್ರೀಫ್. ಮರದ ಸುತ್ತ ಅಂಗಳ ಬಿಟ್ಟು, ಅದನ್ನು ನೋಡುತ್ತಾ ಓದುವಂತೆ ಮಾಡುವುದು ಅವಳ ಕಾನ್ಸೆಪ್ಟ್. ಮಾಡೆಲ್ 1:100 ಅಳತೆಯಲ್ಲಿದೆ. ಅಂದರೆ ಒಂದು ಮೀಟರ್ ಇಲ್ಲಿ ಒಂದು ಸೆಂಟಿಮೀಟರ್.

ಪರೀಕ್ಷಕರೊಬ್ಬರು ಮೊದಲು ಸ್ಕೇಲ್ ಹಿಡಿದು ಅಳೆಯುವುದು ರ‍್ಯಾಂಪನ್ನು. ಕಟ್ಟಡದ ನೆಲ ರಸ್ತೆಗಿಂತ 60 ಸೆಂ.ಮೀ. ಎತ್ತರದಲ್ಲಿದೆ. ಗಾಲಿಕುರ್ಚಿಗೆ 1:12ಕ್ಕಿಂತ ಕಡಿದಾದ ಇಳಿಜಾರು ಸಲ್ಲದು. ಅಷ್ಟು ಏರಲು 7.2 ಮೀಟರ್ ಉದ್ದ ಬೇಕು. ಮಾಡೆಲ್‌ನಲ್ಲಿ ರ‍್ಯಾಂಪಿನ ಉದ್ದ 4 ಸೆಂ.ಮೀ., ನಿಜದಲ್ಲಿ 4 ಮೀಟರ್. ಈ ಏರನ್ನು ಗಾಲಿಕುರ್ಚಿಯವರು ತಾವಾಗಿಯೇ ಹತ್ತುವುದು ಬಲು ಕಷ್ಟ. ನೆಲವನ್ನು 30 ಸೆಂ.ಮೀ.ಗೆ ಇಳಿಸಿದರೆ 3.6 ಮೀಟರ್ ಸಾಕು, ಇರುವ ಜಾಗದಲ್ಲೇ ಕೂರುತ್ತದೆ. ಮಳೆನೀರು ಒಳನುಗ್ಗದಷ್ಟು ಎತ್ತರ ಆಗಲೂ ಉಳಿಯುತ್ತದೆಯೇ ಎಂಬುದನ್ನು ಮಾತ್ರ ಸೈಟಿಗೆ ಹೋಗಿಯೇ ನೋಡಬೇಕು.

ಮುಂದಿನ ತಪ್ಪು ಇನ್ನೂ ಸೂಕ್ಷ್ಮ. ಗೋಡೆಗಳಿಗೆ ಅವಳು 5 ಮಿ.ಮೀ. ದಪ್ಪದ ಫೋಮ್ ಬೋರ್ಡ್ ಬಳಸಿದ್ದಾಳೆ. ಈ ಅಳತೆಯಲ್ಲಿ ಅದು ಅರ್ಧ ಮೀಟರ್ ದಪ್ಪದ ಗೋಡೆ, ಕೋಟೆಗೆ ಹೊಂದುವಂಥದ್ದು. ಓದುವ ಕೋಣೆಯ ಹೊರ ಅಳತೆ 8 ಮೀಟರ್‌ಗೆ 5 ಮೀಟರ್, ಲೆಕ್ಕಕ್ಕೆ ಸರಿಯಾಗಿ 40 ಚದರ ಮೀಟರ್. ಎರಡೂ ಕಡೆಯ ಗೋಡೆ ಕಳೆದರೆ ಒಳಗೆ ಉಳಿಯುವುದು 7ಕ್ಕೆ 4, ಅಂದರೆ 28 ಚದರ ಮೀಟರ್ ಮಾತ್ರ. ನಾಜೂಕಾಗಿ ಕತ್ತರಿಸಿದ್ದರೂ ಇದು ಕೈಕೆಲಸದ ದೋಷವೇ, ಏಕೆಂದರೆ ವಸ್ತುವಿನ ಆಯ್ಕೆಯೂ ಕೈಕೆಲಸದ ಭಾಗ. ಇಲ್ಲಿ ಅದು ಬ್ರೀಫ್‌ನ ಕೋಣೆಯನ್ನೇ ಕಾಲುಭಾಗಕ್ಕೂ ಹೆಚ್ಚು ಕುಗ್ಗಿಸಿದೆ. 2 ಮಿ.ಮೀ. ಮೌಂಟ್ ಬೋರ್ಡ್ ಬಳಸಿದ್ದರೆ ಇಟ್ಟಿಗೆ ಗೋಡೆಯ ನಿಜವಾದ ದಪ್ಪಕ್ಕೆ ಹತ್ತಿರವಾಗುತ್ತಿತ್ತು. ಇಂಥ ತಪ್ಪು ಎಷ್ಟು ಚೆಂದದ ಫೋಟೋದಲ್ಲೂ ಕಾಣುವುದಿಲ್ಲ, ಅಳೆದಾಗಲೇ ತಿಳಿಯುವುದು.

ಕಾನ್ಸೆಪ್ಟಿನ ಪರೀಕ್ಷೆಗೆ ಮಾಡೆಲ್‌ನ ಚಾವಣಿ ತೆಗೆದು, ಮೇಜಿನ ಮಟ್ಟಕ್ಕೆ ಬಗ್ಗಿ ನೋಡಬೇಕು. ಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ, ಮಾಡೆಲ್‌ನಲ್ಲಿ 12 ಮಿ.ಮೀ. ಅಂಗಳದ ಕಡೆಯ ಕಿಟಕಿಗಳು ಶುರುವಾಗುವುದೂ ಅಷ್ಟೇ ಎತ್ತರದಿಂದ. ಕುಳಿತವರಿಗೆ ಬೇವಿನ ಬುಡವಾಗಲಿ ಅಂಗಳವಾಗಲಿ ಕಾಣದು, ಮೇಲಿನ ರೆಂಬೆಗಳಷ್ಟೇ ಕಂಡಾವು. ಮೇಲಿನಿಂದ ನೋಡಿದಾಗ ಇಡೀ ವಿನ್ಯಾಸ ಮರದ ಸುತ್ತ ನೆರೆದಂತಿದೆ, ಒಳಗೆ ಕೂತವರಿಗೆ ಮರವೇ ಇಲ್ಲ. ಆಗ ಬರುವ ಪ್ರಶ್ನೆ ನೇರವಾದದ್ದು: ಮಾಡೆಲ್‌ನಿಂದ ಮರವನ್ನು ಕಿತ್ತು ಪಕ್ಕಕ್ಕಿಟ್ಟರೆ ಕಟ್ಟಡದಲ್ಲಿ ಏನು ಬದಲಾಗುತ್ತದೆ? ಏನೂ ಬದಲಾಗದಿದ್ದರೆ ಕಾನ್ಸೆಪ್ಟ್ ಇನ್ನೂ ಬಾಯಿಮಾತಿನಲ್ಲೇ ಇದೆ.

ಆಲೋಚನೆಯನ್ನು ಇದಕ್ಕಾಗಿ ಕೈಬಿಡಬೇಕಿಲ್ಲ. ಕಿಟಕಿಯ ಕೆಳಗಟ್ಟನ್ನು 45 ಸೆಂ.ಮೀ.ಗೆ ಇಳಿಸಿದರೆ ಅಂಗಳ ಕಾಣುತ್ತದೆ, ಕಟ್ಟೆಯೇ ಕೂರುವ ಜಾಗವೂ ಆಗುತ್ತದೆ. ಆದರೆ 1:100ರಲ್ಲಿ ಅದು ನಾಲ್ಕೂವರೆ ಮಿ.ಮೀ.; ಕಟ್ಟೆಯ ಅಗಲ, ಚಜ್ಜದ ಚಾಚು, ಮಳೆ ಎಲ್ಲಿಯವರೆಗೆ ಎರಚೀತು ಎಂಬುದನ್ನು ಅಷ್ಟರಲ್ಲಿ ತೋರಿಸಲಾಗದು. ಅದಕ್ಕೇ ಮುಂದಿನ ಜ್ಯೂರಿಗೆ ಓದುವ ಕೋಣೆ ಮತ್ತು ಅಂಗಳದ ನಡುವಿನ ಆ ಒಂದು ಗೋಡೆಯ ಭಾಗವನ್ನಷ್ಟೇ 1:20ರಲ್ಲಿ ಮಾಡಿ ತರಲು ಹೇಳುತ್ತಾರೆ.