ಬಕ್ರೀದ್ ಮಾರುಕಟ್ಟೆಗೆ ಕುರಿ: ದಿನದ ತೂಕ ಮತ್ತು ಮಾರಾಟದ ದಿನದ ಲೆಕ್ಕ

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಲ್ಲಿ ತೊಗರಿ, ಕಡಲೆ ಮತ್ತು ಸೋಯಾಬೀನ್ ಹೇರಳವಾಗಿ ಬೆಳೆಯುತ್ತವೆ. ರಾಶಿಯಾದ ನಂತರ ಹೊಟ್ಟು ಉಳಿಯುತ್ತದೆ. ಬೇಳೆ ಮಾಡುವಾಗ ಚುನ್ನಿ ದೊರೆಯುತ್ತದೆ. ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಈ ಭಾಗದಲ್ಲಿಯೇ ಹಾದು ಹೋಗುತ್ತದೆ. ಮೇವು ಮತ್ತು ಮಾರುಕಟ್ಟೆ ಎರಡೂ ಸಮೀಪದಲ್ಲಿರುವುದರಿಂದ ನಾರಾಯಣಪುರದಂತಹ ಊರುಗಳಲ್ಲಿ ಬಕ್ರೀದ್‌ಗಾಗಿ ಟಗರುಗಳನ್ನು ಕೊಬ್ಬಿಸುವ ವ್ಯವಹಾರಕ್ಕೆ ಅವಕಾಶವಿದೆ. ಆದರೆ ಇದು ನಿಗದಿತ ದಿನಕ್ಕೆ ಸರಕು ಒಪ್ಪಿಸುವ ವ್ಯವಹಾರ. ಆ ದಿನ ತಪ್ಪಿದರೆ ಅದೇ ಸರಕಿಗೆ ಅದೇ ಬೆಲೆ ಸಿಗುವುದಿಲ್ಲ. ಆದ್ದರಿಂದ ಇದರ ಲೆಕ್ಕವನ್ನು ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಬೇಕು.

ದಿನಾಂಕ ಮತ್ತು ವಯಸ್ಸು

ಬಕ್ರೀದ್ ಚಾಂದ್ರಮಾನದ ಹಬ್ಬವಾದುದರಿಂದ ಪ್ರತಿವರ್ಷ ಸುಮಾರು 11 ದಿನ ಮೊದಲೇ ಬರುತ್ತದೆ. ಭಾರತದಲ್ಲಿ 2023ರಲ್ಲಿ ಜೂನ್ 29ರಂದು, 2024ರಲ್ಲಿ ಜೂನ್ 17ರಂದು, 2025ರಲ್ಲಿ ಜೂನ್ 7ರಂದು ಹಬ್ಬ ನಡೆಯಿತು. ಇದೇ ಕ್ರಮದಲ್ಲಿ 2027ರ ಹಬ್ಬವು ಮೇ ತಿಂಗಳ ಮಧ್ಯಭಾಗಕ್ಕೆ ಬರುತ್ತದೆ. ಆದರೆ ಕುರಿಗಳು ಈಯುವ ಕಾಲವಾಗಲಿ, ಹೊಟ್ಟು ಸಿಗುವ ಕಾಲವಾಗಲಿ ಹಬ್ಬದೊಡನೆ ಹಿಂದೆ ಸರಿಯುವುದಿಲ್ಲ.

ಈ ಭಾಗದ ಡೆಕ್ಕನಿ ಕುರಿಗಳ ಮರಿಗಳು ಹೆಚ್ಚಾಗಿ ಚಳಿಗಾಲದಲ್ಲಿ ಹುಟ್ಟುತ್ತವೆ. ನವೆಂಬರಿನಲ್ಲಿ ಹುಟ್ಟಿದ ಮರಿಗೆ ಮುಂದಿನ ಮೇ ತಿಂಗಳಿನಲ್ಲಿ ಆರು ತಿಂಗಳಷ್ಟೇ ತುಂಬಿರುತ್ತದೆ. ಕುರಬಾನಿಗೆ ಕೊಳ್ಳುವವರು ಸಾಮಾನ್ಯವಾಗಿ ವರ್ಷ ತುಂಬಿದ, ‘ಎರಡು ಹಲ್ಲು’ ಬಂದ ಟಗರನ್ನು ಕೇಳುತ್ತಾರೆ. ಹಾಲುಹಲ್ಲು ಬಿದ್ದು ಮೊದಲ ಜೋಡಿ ಶಾಶ್ವತ ಹಲ್ಲು ಬರುವುದು 12ರಿಂದ 18 ತಿಂಗಳ ನಡುವೆ. ಹೀಗಾಗಿ 2027ರ ಹಬ್ಬಕ್ಕೆ ಸರಿಹೊಂದುವುದು 2025ರ ನವೆಂಬರಿನಲ್ಲಿ ಹುಟ್ಟಿದ ಮರಿಯೇ ಹೊರತು 2026ರ ಮರಿಯಲ್ಲ. ಕುಂಟು, ಕುರುಡು, ಬುಡದಿಂದ ಮುರಿದ ಕೊಂಬು ಅಥವಾ ಬಹುಪಾಲು ಕತ್ತರಿಸಿದ ಕಿವಿ ಇರುವ ಟಗರು ಎಷ್ಟೇ ತೂಗಿದರೂ ಕುರಬಾನಿಗೆ ಸಲ್ಲುವುದಿಲ್ಲ. ಅದಕ್ಕೆ ಕಸಾಯಿ ದರವಷ್ಟೇ ಸಿಗುತ್ತದೆ. ಕೊಳ್ಳುವಾಗಲೇ ಬಾಯಿ, ಕಾಲು, ಕಣ್ಣು, ಕೊಂಬುಗಳನ್ನು ನೋಡಿಕೊಳ್ಳಬೇಕು.

ಮೊದಲ ತೊಂಬತ್ತು ದಿನ

ಮೊದಲ ಮೂರು ತಿಂಗಳಲ್ಲಿ ಸೊರಗಿದ ಮರಿಯನ್ನು ಮುಂದೆ ಕಡಿಮೆ ಖರ್ಚಿನಲ್ಲಿ ಸರಿಪಡಿಸುವುದು ಕಷ್ಟ. ತಾಯಿಯ ಹಾಲು ಮೂರು, ನಾಲ್ಕನೆಯ ವಾರದ ನಂತರ ಇಳಿಯುತ್ತಾ ಹೋಗುತ್ತದೆ. ಮರಿಯ ಹಸಿವು ಏರುತ್ತಾ ಹೋಗುತ್ತದೆ. ಈ ಅಂತರವನ್ನು ತುಂಬುವುದೇ ‘ಕ್ರೀಪ್ ಆಹಾರ’ ಪದ್ಧತಿ. ಹಟ್ಟಿಯ ಒಂದು ಮೂಲೆಯನ್ನು ಬೇಲಿಯಿಂದ ಬೇರ್ಪಡಿಸಿ, ಸುಮಾರು 8 ಅಂಗುಲ ಅಂತರದಲ್ಲಿ ಗಳಗಳನ್ನು ನಿಲ್ಲಿಸಿದರೆ ಮರಿಗಳು ಒಳಗೆ ನುಸುಳುತ್ತವೆ, ತಾಯಿ ಕುರಿಗಳು ಹೊರಗೇ ಉಳಿಯುತ್ತವೆ.

ಒಳಗೆ ಇಡುವ ಆಹಾರದ 100 ಕಿಲೋ ಮಿಶ್ರಣಕ್ಕೆ ಮುರಿದ ಮೆಕ್ಕೆಜೋಳ 45, ಸೋಯಾ ಹಿಂಡಿ 30, ತೊಗರಿ ಚುನ್ನಿ 12, ಗೋಧಿ ಬೂಸ 10, ಖನಿಜ ಮಿಶ್ರಣ 2 ಮತ್ತು ಉಪ್ಪು 1 ಕಿಲೋ ಸಾಕು. ಮರಿ ಹುಟ್ಟಿದ 15ನೆಯ ದಿನದಿಂದ ಒಂದು ಚಿಟಿಕೆಯಷ್ಟು ಇಟ್ಟು ರೂಢಿ ಮಾಡಿಸಿ, ಮೂರು ತಿಂಗಳ ಹೊತ್ತಿಗೆ ದಿನಕ್ಕೆ 250 ಗ್ರಾಂವರೆಗೆ ಏರಿಸಬಹುದು. ಹಿಂದಿನ ದಿನ ಉಳಿದದ್ದನ್ನು ತೆಗೆದು ಹೊಸದನ್ನು ಹಾಕಬೇಕು. ಬೂಸಲು ಹಿಡಿದ ಆಹಾರವನ್ನು ಮರಿ ಮುಟ್ಟುವುದಿಲ್ಲ. ಹುಟ್ಟುವಾಗ 3 ಕಿಲೋ ಇದ್ದ ಮರಿ 90 ದಿನಕ್ಕೆ 15 ಕಿಲೋ ಆಗಬೇಕೆಂಬುದು ಗುರಿ, ಅಂದರೆ ದಿನಕ್ಕೆ 133 ಗ್ರಾಂ. ಒಂದು ಮರಿ ಈ ಅವಧಿಯಲ್ಲಿ ತಿನ್ನುವುದು ಸುಮಾರು 9 ಕಿಲೋ ಮಿಶ್ರಣ ಮಾತ್ರ.

ಕೊನೆಯ ತೊಂಬತ್ತು ದಿನ

ಹಾಲು ಬಿಡಿಸಿದ ನಂತರದ ವರ್ಷದಲ್ಲಿ ಮರಿಯನ್ನು ಹೊರಗೆ ಮೇಯಿಸಿ ಬೆಳೆಸುವುದೇ ಅಗ್ಗ. ಕೊಬ್ಬಿಸುವ ಖರ್ಚನ್ನು ಕೊನೆಯ 90 ದಿನಗಳಿಗೆ ಸೀಮಿತಗೊಳಿಸಬೇಕು. 2027ರ ಮೇ ಮಧ್ಯದ ಹಬ್ಬಕ್ಕೆ ಇದು ಫೆಬ್ರುವರಿ ಮಧ್ಯದಿಂದ ಆರಂಭವಾಗುತ್ತದೆ. ಆ ವೇಳೆಗೆ ತೊಗರಿ, ಕಡಲೆಯ ಹೊಟ್ಟು ಹೊಸದಾಗಿ ಬಂದಿರುತ್ತದೆ. ಆಗಲೇ ಕೊಂಡು ಸಂಗ್ರಹಿಸಬೇಕು.

ನಾರಾಯಣಪುರದಲ್ಲಿ 20 ಟಗರುಗಳ ಒಂದು ತಂಡವನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ಆರಂಭದಲ್ಲಿ ಪ್ರತಿ ಟಗರು 24 ಕಿಲೋ, ಗುರಿ 36 ಕಿಲೋ. ಇಲ್ಲಿಯೂ 90 ದಿನಕ್ಕೆ 12 ಕಿಲೋ, ದಿನಕ್ಕೆ 133 ಗ್ರಾಂ. ಒಂದು ಟಗರು ಈ ಅವಧಿಯಲ್ಲಿ ಸುಮಾರು 45 ಕಿಲೋ ಮಿಶ್ರಣ, 60 ಕಿಲೋ ಹೊಟ್ಟು ತಿನ್ನುತ್ತದೆ. ಮಿಶ್ರಣಕ್ಕೆ ಕಿಲೋಗೆ 28 ರೂಪಾಯಿ, ಹೊಟ್ಟಿಗೆ 8 ರೂಪಾಯಿ ಎಂದು ಹಿಡಿದರೆ ಒಟ್ಟು 1,740 ರೂಪಾಯಿ, ದಿನಕ್ಕೆ ಸುಮಾರು 19 ರೂಪಾಯಿ. ಇದಕ್ಕೆ ಕೂಲಿ 5, ಲಸಿಕೆ ಮತ್ತು ಔಷಧಿ 1, ಹೂಡಿದ ಹಣದ ಬಡ್ಡಿ 3 ರೂಪಾಯಿ ಸೇರಿಸಿದರೆ ದಿನದ ವೆಚ್ಚ 28 ರೂಪಾಯಿ.

ಜೀವಂತ ತೂಕಕ್ಕೆ ಕಿಲೋಗೆ 400 ರೂಪಾಯಿ ಎಂದು ಭಾವಿಸಿದರೆ 28 ರೂಪಾಯಿಗೆ 70 ಗ್ರಾಂ ತೂಕ ಸಮವಾಗುತ್ತದೆ. ಈ ವ್ಯವಹಾರದ ಮುಖ್ಯ ಅಂಕಿ ಇದೇ. ದಿನಕ್ಕೆ 133 ಗ್ರಾಂ ಏರುತ್ತಿರುವವರೆಗೆ ಪ್ರತಿ ದಿನವೂ ಲಾಭ ತರುತ್ತದೆ. ಟಗರು ಬಲಿತಂತೆ ಏರಿಕೆ ಕುಗ್ಗುತ್ತದೆ, ಆದರೆ ತಿನ್ನುವುದು ಕುಗ್ಗುವುದಿಲ್ಲ. ಏರಿಕೆ 70 ಗ್ರಾಂಗಿಂತ ಕೆಳಗಿಳಿದ ಟಗರನ್ನು ಇಟ್ಟುಕೊಳ್ಳುವುದಕ್ಕೆ ಹಬ್ಬದ ದರದ ಏರಿಕೆಯೊಂದೇ ಕಾರಣವಾಗಬಹುದು. ಬೆಲೆಗಳು ಬದಲಾದಾಗ ದಿನದ ವೆಚ್ಚವನ್ನು ಕಿಲೋ ದರದಿಂದ ಭಾಗಿಸಿ ಈ ಅಂಕಿಯನ್ನು ಹೊಸದಾಗಿ ಕಂಡುಕೊಳ್ಳಬೇಕು.

ಆದ್ದರಿಂದ 15 ದಿನಗಳಿಗೊಮ್ಮೆ, ಬೆಳಿಗ್ಗೆ ಮೇವು ನೀರು ಕೊಡುವ ಮೊದಲು, ಪ್ರತಿ ಟಗರನ್ನೂ ತೂಗಿ ಬರೆದಿಡಬೇಕು. ಹೊಟ್ಟೆ ತುಂಬಿದ ಟಗರನ್ನು ತೂಗಿದರೆ ಲೆಕ್ಕವೇ ಕೆಡುತ್ತದೆ.

ತಪ್ಪುವುದೆಲ್ಲಿ

ಬೇಗ ತೂಕ ಬರಲೆಂದು ಮೊದಲ ದಿನವೇ ಕಾಳು ಸುರಿಯುವುದು ದೊಡ್ಡ ನಷ್ಟಕ್ಕೆ ದಾರಿ. ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಟಗರು ಮೇವು ಬಿಡುತ್ತದೆ, ತೆಳ್ಳಗೆ ಹಿಕ್ಕೆ ಹಾಕುತ್ತದೆ, ಮಂಕಾಗಿ ನಿಲ್ಲುತ್ತದೆ. ಮಿಶ್ರಣವನ್ನು 100 ಗ್ರಾಂನಿಂದ ಆರಂಭಿಸಿ ಎರಡು ವಾರಗಳಲ್ಲಿ ಪೂರ್ಣ ಪ್ರಮಾಣಕ್ಕೆ ತರಬೇಕು. ಹೊಟ್ಟನ್ನು ಯಾವಾಗಲೂ ಮೊದಲು ಹಾಕಬೇಕು. ಕಾಳು ಹೆಚ್ಚಾದಾಗ ಚೆನ್ನಾಗಿ ತಿಂದು ಬೆಳೆದ ಟಗರೇ ಕರುಳುಬೇನೆಯಿಂದ ದಿಢೀರನೆ ಸಾಯುವುದುಂಟು. ಆದ್ದರಿಂದ ಅದರ ಲಸಿಕೆಯನ್ನು ಕೊಬ್ಬಿಸಲು ಆರಂಭಿಸುವ ಮೊದಲೇ ಹಾಕಿಸಬೇಕು. ಟಗರು ತಿಣುಕುತ್ತಾ ಹನಿ ಹನಿಯಾಗಿ ಮೂತ್ರ ಮಾಡಿದರೆ ಅದು ಮೂತ್ರದ ಕಲ್ಲಿನ ಸೂಚನೆ. ಕೂಡಲೇ ಪಶುವೈದ್ಯರನ್ನು ಕರೆಸಬೇಕು. ಬೂಸ ಮಿತವಾಗಿಟ್ಟು, ಉಪ್ಪು ಮತ್ತು ಶುದ್ಧ ನೀರು ಸದಾ ಸಿಗುವಂತೆ ಮಾಡಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಸಂತೆಯಿಂದ ತಂದವುಗಳನ್ನು ಎರಡು, ಮೂರು ವಾರ ಬೇರೆಯಾಗಿ ಕಟ್ಟಿ, ಜಂತುನಾಶಕ ಕೊಟ್ಟು, ಪಿ.ಪಿ.ಆರ್. ಲಸಿಕೆ ಹಾಕಿಸಿದ ನಂತರವೇ ತಂಡಕ್ಕೆ ಸೇರಿಸಬೇಕು.

ಮಾರಾಟದ ದಿನ

ಗಿರಾಕಿಗಳು ಹೆಚ್ಚಾಗಿ ಹಬ್ಬದ ಹಿಂದಿನ ಹತ್ತು ದಿನಗಳಲ್ಲಿ ಕೊಳ್ಳುತ್ತಾರೆ. ಸಗಟು ವ್ಯಾಪಾರಿಗಳು ಅದಕ್ಕೂ ಮೊದಲೇ ಹಳ್ಳಿಗೆ ಬರುತ್ತಾರೆ. ಹಬ್ಬ ಕಳೆದ ಮರುದಿನ ಉಳಿದ ಟಗರಿಗೆ ಮಾಂಸದ ದರವಷ್ಟೇ. ಇಡೀ ತಂಡವನ್ನು ಕೊನೆಯ ದಿನಕ್ಕೆ ಉಳಿಸುವುದು ಒಂದೇ ಗಿರಾಕಿಯನ್ನು ನಂಬಿ ಗೋದಾಮು ತುಂಬಿದಂತೆ. 20ರಲ್ಲಿ ಏರಿಕೆ ಕುಗ್ಗಿದ ಎಂಟು, ಹತ್ತನ್ನು ಹಬ್ಬಕ್ಕೆ ಮೂರು ವಾರ ಮೊದಲೇ ಹಟ್ಟಿಯಲ್ಲೇ ಸಗಟಾಗಿ ಕೊಟ್ಟು, ಬಂದ ಹಣದಲ್ಲಿ ಮೇವಿನ ಬಾಕಿ ತೀರಿಸಬಹುದು. ಲಕ್ಷಣವಾದವುಗಳನ್ನು ಕೊನೆಯ ವಾರದ ಚಿಲ್ಲರೆ ಮಾರಾಟಕ್ಕೆ ಇಟ್ಟುಕೊಳ್ಳಬಹುದು. ಹೈದರಾಬಾದಿಗೆ ಒಯ್ಯುವುದಾದರೆ ದಾರಿಯಲ್ಲಿ ತೂಕ ಇಳಿಯುವುದನ್ನೂ ಎಣಿಸಬೇಕು. ಶೇ. 5ರಷ್ಟು ಇಳಿದರೂ 36 ಕಿಲೋ ಟಗರಿನಲ್ಲಿ 1.8 ಕಿಲೋ, ಅಂದರೆ 13 ದಿನ ಕೊಬ್ಬಿಸಿದ ತೂಕ ಹೋಗುತ್ತದೆ. ಅಲ್ಲಿನ ದರ ಈ 720 ರೂಪಾಯಿಯನ್ನೂ ಲಾರಿ ಬಾಡಿಗೆಯನ್ನೂ ಮೀರಿಸಿದರೆ ಮಾತ್ರ ಒಯ್ಯುವುದು ಲಾಭಕರ. ಇಲ್ಲವಾದರೆ ಹಟ್ಟಿಯಲ್ಲಿ ಕೇಳಿದ ದರವೇ ಮೇಲು.