ಕೋಲ್ಡ್ ಸ್ಟೋರೇಜ್ ನಿಂತಾಗ ಆಲೂಗಡ್ಡೆಯ ವಿಮೆ

ಹಾಸನದ ರೈತರು ಮುಂಗಾರಿಗೆ ಬಿತ್ತುವ ಆಲೂಗಡ್ಡೆಯ ಬೀಜ ಹೆಚ್ಚಾಗಿ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ಬಿತ್ತನೆಯವರೆಗೆ ಅದು ಮೊಳೆಯದಂತೆ ಕಾಯಲು ಕೋಲ್ಡ್ ಸ್ಟೋರೇಜ್‌ನಲ್ಲಿ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಕಂಪ್ರೆಸರ್ ನಿಂತರೆ ಆ ತಂಪು ಹೋಗುತ್ತದೆ. ಆಲೂಗಡ್ಡೆ ಜೀವಂತ ಗೆಡ್ಡೆ. ಅದು ಉಸಿರಾಡುತ್ತಲೇ ಇರುತ್ತದೆ, ಉಸಿರಾಡಿದಂತೆ ಬಿಸಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಬಿಡುತ್ತದೆ. ಗಾಳಿಯಾಡದ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾದಾಗ ಗೆಡ್ಡೆಯ ನಡುಭಾಗ ಕಪ್ಪಾಗುತ್ತದೆ. ಹೊರಗೆ ಚೆನ್ನಾಗಿ ಕಾಣುವ ಗೆಡ್ಡೆಯನ್ನು ಕೊಯ್ದಾಗಲೇ ಅದು ತಿಳಿಯುವುದು.

ಈ ನಷ್ಟಕ್ಕಿರುವ ವಿಮೆಯ ಹೆಸರು 'ಡಿಟೀರಿಯರೇಷನ್ ಆಫ್ ಸ್ಟಾಕ್ಸ್', ಅಂದರೆ ದಾಸ್ತಾನು ಕೆಡುವುದಕ್ಕೆ ರಕ್ಷಣೆ. ಸಾಮಾನ್ಯವಾಗಿ ಇದನ್ನು ಒಂಟಿಯಾಗಿ ಕೊಡುವುದಿಲ್ಲ. ಶೀತಲ ಯಂತ್ರಗಳಿಗೆ 'ಮಷಿನರಿ ಬ್ರೇಕ್‌ಡೌನ್' ಪಾಲಿಸಿ ಇದ್ದರೆ ಮಾತ್ರ ಅದರ ಜೊತೆಗೆ ಇದು ಸಿಗುತ್ತದೆ. ಮಾಲು ಕೆಟ್ಟಿತು ಎಂದಷ್ಟೇ ಹೇಳಿದರೆ ಹಣ ಬರುವುದಿಲ್ಲ. ಯಂತ್ರ ಕೆಟ್ಟ ಕಾರಣ ಆ ಮೊದಲ ಪಾಲಿಸಿಯೊಳಗೆ ಬರಬೇಕು. ಸರ್ವೇಯರ್ ಮೊದಲು ಕಂಪ್ರೆಸರ್ ಬಿಚ್ಚಿಸಿ ನೋಡುವುದು ಇದೇ ಕಾರಣಕ್ಕೆ. ಶಾಫ್ಟ್ ಹಠಾತ್ತನೆ ಮುರಿದಿದ್ದರೆ ಕ್ಲೇಮು ನಿಲ್ಲುತ್ತದೆ. ಬೇರಿಂಗ್ ಎಣ್ಣೆಯಿಲ್ಲದೆ ತಿಂಗಳುಗಟ್ಟಲೆ ಸವೆದಿದ್ದರೆ ಅದು ಸವೆತ, ಹಠಾತ್ ಅಪಘಾತವಲ್ಲ ಎಂದು ಕ್ಲೇಮು ಬಿದ್ದುಹೋಗಬಹುದು. ಬೆಂಕಿಯಿಂದಾದ ನಷ್ಟಕ್ಕೆ ಬೇರೆಯೇ ಪಾಲಿಸಿ ಬೇಕು.

ಕರೆಂಟು ಹೋದಾಗಲೂ ಕಾರಣವೇ ಮುಖ್ಯ. ಸರಬರಾಜು ಆಕಸ್ಮಿಕವಾಗಿ ಕಡಿತವಾಗಿ ಕೋಣೆ ಬಿಸಿಯಾದರೆ ಪಾಲಿಸಿಯಲ್ಲಿ ಆ ರಕ್ಷಣೆ ಸೇರಿಸಿಕೊಂಡವರಿಗೆ ಪರಿಹಾರವುಂಟು. ವಿದ್ಯುತ್ ಕಂಪನಿ ಮುಂದಾಗಿ ತಿಳಿಸಿ ತೆಗೆಯುವ ಕರೆಂಟು, ಅಂದರೆ ಲೋಡ್ ಶೆಡ್ಡಿಂಗ್, ಸಾಮಾನ್ಯವಾಗಿ ಹೊರಗುಳಿಯುತ್ತದೆ. ಅದನ್ನು ನಿಭಾಯಿಸುವುದು ಮಾಲೀಕರ ಡೀಸೆಲ್ ಜನರೇಟರ್‌ನ ಕೆಲಸ.

ಜನ ಎಡವುವುದು ಬಹುಪಾಲು 'ನೋ ಕ್ಲೇಮ್ ಪೀರಿಯಡ್' ಎಂಬ ಷರತ್ತಿನಲ್ಲಿ. ಬಾಗಿಲು ಮುಚ್ಚಿಟ್ಟ ಕೋಣೆ ಯಂತ್ರ ನಿಂತ ಮೇಲೂ ಕೆಲವು ಗಂಟೆ ತಂಪನ್ನು ಹಿಡಿದಿಡುತ್ತದೆ. ಅಷ್ಟು ಹೊತ್ತು ಮಾಲು ಕೆಡುವುದಿಲ್ಲವೆಂದು ಪಾಲಿಸಿಯೇ ಲೆಕ್ಕ ಹಾಕಿ ಅವಧಿಯನ್ನು ಬರೆದಿರುತ್ತದೆ. ಅಷ್ಟರೊಳಗೆ ದುರಸ್ತಿ ಮುಗಿದರೆ ಕ್ಲೇಮು ಇಲ್ಲ. ಆದರೆ ಅಮೋನಿಯಾ ಸೋರಿ ಮಾಲಿಗೆ ತಗುಲಿದರೆ ಈ ಕಾಯುವ ಅವಧಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಏಕೆಂದರೆ ಆ ಹಾನಿ ತಕ್ಷಣವೇ ಆಗುತ್ತದೆ.

ಒಂದು ಉದಾಹರಣೆ ನೋಡೋಣ. ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ 50 ಕೆ.ಜಿ.ಯ 10,000 ಚೀಲಗಳಿವೆ, ಚೀಲಕ್ಕೆ 1,000 ರೂಪಾಯಿ. ಒಟ್ಟು ಬೆಲೆ ಒಂದು ಕೋಟಿಯಾದರೂ ಪ್ರೀಮಿಯಂ ಉಳಿಸಲು ಮಾಲೀಕರು 80 ಲಕ್ಷಕ್ಕಷ್ಟೇ ವಿಮೆ ಮಾಡಿಸಿದ್ದಾರೆ. ಪಾಲಿಸಿಯಲ್ಲಿ ಬರೆದ ಅವಧಿ 24 ಗಂಟೆ. ಶಾಫ್ಟ್ ಮುರಿದು ಕಂಪ್ರೆಸರ್ 60 ಗಂಟೆ ನಿಂತಿತು, 1,200 ಚೀಲ ಕೆಟ್ಟವು. ನಷ್ಟ 12 ಲಕ್ಷ. ಕೆಟ್ಟ ಚೀಲಗಳಿಂದ ಆರಿಸಿದ್ದನ್ನು ಮಾರಿ 1 ಲಕ್ಷ ಬಂತು, ಉಳಿದದ್ದು 11 ಲಕ್ಷ. ಮಾಲಿನ ಬೆಲೆಯ ಶೇ. 80ಕ್ಕಷ್ಟೇ ವಿಮೆ ಇದ್ದುದರಿಂದ ನಷ್ಟಕ್ಕೂ ಶೇ. 80ರ ಲೆಕ್ಕವೇ, ಅಂದರೆ 8.8 ಲಕ್ಷ. ಪಾಲಿಸಿದಾರರೇ ಹೊರಬೇಕಾದ ಪಾಲು ಕ್ಲೇಮಿನ ಶೇ. 10 ಎಂದಿದ್ದರೆ 88 ಸಾವಿರ ಕಳೆದು ಕೈಗೆ ಬರುವುದು 7.92 ಲಕ್ಷ. ಹೋದದ್ದು 11 ಲಕ್ಷ, ಬಂದದ್ದು ಎಂಟು ಲಕ್ಷಕ್ಕೂ ಕಡಿಮೆ.

ಈ ಮೊತ್ತವೂ ಬರುವುದು ದಾಖಲೆ ಸರಿಯಿದ್ದರೆ ಮಾತ್ರ. ಯಂತ್ರ ಯಾವಾಗ ನಿಂತಿತು, ಕೋಣೆಯ ಉಷ್ಣಾಂಶ ಗಂಟೆಗಂಟೆಗೆ ಎಷ್ಟು ಏರಿತು ಎಂಬುದಕ್ಕೆ ಲಾಗ್ ಬುಕ್ಕೇ ಸಾಕ್ಷಿ. ದಿನವೂ ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ, ಯಾವಾಗಲೂ 3 ಡಿಗ್ರಿ ಎಂದು ಬರೆದ ಪುಸ್ತಕವನ್ನು ಸರ್ವೇಯರ್ ನಂಬುವುದು ಕಷ್ಟ. ಬೇಡದ ತೇವ, ಗಾಳಿಯಾಡದಂತೆ ಒತ್ತೊತ್ತಾಗಿ ಪೇರಿಸಿದ ಚೀಲಗಳು, ಮೊದಲೇ ರೋಗ ತಗುಲಿದ ಗೆಡ್ಡೆಗಳು ಇವುಗಳಿಂದಾದ ನಷ್ಟಕ್ಕೆ ಪಾಲಿಸಿ ಹಣ ಕೊಡುವುದಿಲ್ಲ. ಆದ್ದರಿಂದ ಯಂತ್ರ ನಿಂತ ಕೂಡಲೇ ಬಾಗಿಲು ಮುಚ್ಚಿಡಬೇಕು, ವಿಮಾ ಕಂಪನಿಗೆ ತಿಳಿಸಬೇಕು. ಮುರಿದ ಬಿಡಿಭಾಗವನ್ನು ಗುಜರಿಗೆ ಹಾಕಬಾರದು. ಸರ್ವೇಯರ್ ಬಂದು ನೋಡುವ ತನಕ ಕೆಟ್ಟ ಚೀಲಗಳನ್ನು ಬೇರೆಯಾಗಿ ಇಡಬೇಕು, ಎಸೆಯಬಾರದು.

ಮಾಲು ಇಟ್ಟ ರೈತರಿಗೆ ಮಾತ್ರ ಒಂದು ಅಪಾಯ ಉಳಿದೇ ಇರುತ್ತದೆ. ಪಾಲಿಸಿ ಕೋಲ್ಡ್ ಸ್ಟೋರೇಜ್ ಮಾಲೀಕರ ಹೆಸರಿನಲ್ಲಿದ್ದು, ಬೇರೆಯವರ ನಂಬಿಕೆಯ ಮೇಲೆ ಇಟ್ಟುಕೊಂಡ ಮಾಲನ್ನೂ ಅದರಲ್ಲಿ ಸ್ಪಷ್ಟವಾಗಿ ಸೇರಿಸಿರದಿದ್ದರೆ ರೈತರ ಚೀಲಗಳಿಗೆ ರಕ್ಷಣೆಯೇ ಇಲ್ಲದೆ ಹೋಗಬಹುದು. ಹಾಗಾಗಿ ಚೀಲ ಇಟ್ಟು ರಸೀದಿ ಪಡೆಯುವಾಗಲೇ ಕೇಳಿ: ಬೇರೆಯವರ ಮಾಲು ಪಾಲಿಸಿಯಲ್ಲಿದೆಯೇ, ವಿಮೆಯ ಮೊತ್ತ ಈಗಿನ ದಾಸ್ತಾನಿನ ಬೆಲೆಗೆ ಸರಿಯಾಗಿದೆಯೇ, ಕಾಯುವ ಅವಧಿ ಎಷ್ಟು ಗಂಟೆ? ಬಾಯಿಮಾತಿನ ಉತ್ತರ ಸಾಲದು, ಪಾಲಿಸಿಯ ಷೆಡ್ಯೂಲ್ ತೋರಿಸಲು ಹೇಳಿ.