ಮೊದಲು ಲೆವೆಲ್, ಆಮೇಲೆ ಸಂಬಳ

ಕೆಲವು ವರ್ಷ ಕೆಲಸ ಬಿಟ್ಟಿದ್ದು ಮತ್ತೆ ಸೇರಲು ಹೊರಟ ಮಹಿಳೆ ಹೈರಿಂಗ್ ಮ್ಯಾನೇಜರ್‌ಗೆ ಬರೆಯುವ ಇಮೇಲ್‌ನಲ್ಲಿ ಸಂಬಳಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಹುದ್ದೆಯ ಲೆವೆಲ್. ದೊಡ್ಡ ಐಟಿ ಕಂಪನಿಗಳು ಪ್ರತಿ ಲೆವೆಲ್‌ಗೂ ಸಂಬಳದ ಮಿತಿ ಗೊತ್ತುಮಾಡಿಕೊಂಡಿರುತ್ತವೆ. ಒಂದು ಮೆಟ್ಟಿಲು ಕೆಳಗೆ ಸೇರಿಕೊಂಡರೆ ಎಷ್ಟೇ ಚೌಕಾಸಿ ಮಾಡಿದರೂ ಮೊತ್ತ ಆ ಮಿತಿಯನ್ನು ದಾಟುವುದು ಅಪರೂಪ.

ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಟೆಸ್ಟಿಂಗ್ ಉದ್ಯೋಗಿಯನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. 9 ವರ್ಷದ ಅನುಭವ, ಮಗು ಹುಟ್ಟಿದ ಮೇಲೆ 4 ವರ್ಷ ಬಿಡುವು. ಬಿಡುವಾಗ ಇದ್ದ ವಾರ್ಷಿಕ ಸಂಬಳ 15 ಲಕ್ಷ ರೂಪಾಯಿ. ಅರ್ಜಿ ಹಾಕಿದ್ದು ಲೀಡ್ ಹುದ್ದೆಗೆ. ಕೈಗೆ ಬಂದ ಆಫರ್ ಸೀನಿಯರ್ ಎಂಜಿನಿಯರ್ ಲೆವೆಲ್‌ನದು, 16 ಲಕ್ಷ. ಹಳೆಯ ಸಂಬಳದ ಮೇಲೆ ಒಂದಿಷ್ಟು ಸೇರಿಸಿ ಲೆಕ್ಕ ಹಾಕಿರುವುದು ಮೇಲುನೋಟಕ್ಕೇ ಗೊತ್ತಾಗುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಬಿಡುವಿಗೆ ಸಮಜಾಯಿಷಿ ಕೊಡುವುದರಲ್ಲಿ. ಅದಕ್ಕೆ ಒಂದೇ ಸಾಲು ಸಾಕು. ಉಳಿದ ಜಾಗ ಸಂದರ್ಶನದಲ್ಲಿ ನಡೆದದ್ದಕ್ಕೆ ಮೀಸಲಾಗಬೇಕು, ಏಕೆಂದರೆ ಮ್ಯಾನೇಜರ್ ಕಣ್ಣಾರೆ ಕಂಡ ಪುರಾವೆ ಅದು. ಇಮೇಲ್‌ನ ಮುಖ್ಯ ಭಾಗ ಹೀಗಿರಬಹುದು:

“ಆಫರ್‌ಗೆ ಧನ್ಯವಾದ. ಈ ತಂಡ ಸೇರಲು ನನಗೆ ಮನಸ್ಸಿದೆ. ಮೂರನೇ ಸುತ್ತಿನಲ್ಲಿ ಪೇಮೆಂಟ್ ವಿಭಾಗದ ಆಟೊಮೇಷನ್ ಯೋಜನೆ ರೂಪಿಸಲು ನೀವು ಕೇಳಿದಿರಿ. ಅದು ಲೀಡ್ ಮಾಡುವ ಕೆಲಸ. ಬಿಡುವಿಗೆ ಮುಂಚೆ ಐದು ಜನರ ತಂಡವನ್ನೂ ನಡೆಸಿದ್ದೇನೆ. ಹಾಗಾಗಿ ಲೀಡ್ ಲೆವೆಲ್ ಅನ್ನು ಪರಿಗಣಿಸಬೇಕೆಂದು ಕೋರುತ್ತೇನೆ. ಆ ಲೆವೆಲ್‌ಗೆ ಈಗಿನ ಮಾರುಕಟ್ಟೆ ನೋಡಿ 22 ಲಕ್ಷ ನಿರೀಕ್ಷಿಸುತ್ತಿದ್ದೇನೆ. ನನಗೆ ನೋಟಿಸ್ ಪೀರಿಯಡ್ ಇಲ್ಲ, ಮುಂದಿನ ಸೋಮವಾರವೇ ಸೇರಬಲ್ಲೆ.”

ಕೊನೆಯ ಸಾಲಿಗೆ ತೂಕವಿದೆ. ಬೇರೆ ಕಂಪನಿಯಿಂದ ಬರುವವರಿಗಾಗಿ ಸಾಮಾನ್ಯವಾಗಿ 60ರಿಂದ 90 ದಿನ ಕಾಯಬೇಕು. ಕಾಯುವ ಹೊತ್ತಿಗೆ ಇನ್ನೊಂದು ಆಫರ್ ಹಿಡಿದು ಕೈಕೊಡುವವರೂ ಇದ್ದಾರೆ. ಬಿಡುವಿನಲ್ಲಿರುವವರಿಗೆ ಈ ತೊಡಕಿಲ್ಲ. ಹಳೆಯ ಸಂಬಳವನ್ನು ಮಾತ್ರ ತಾನಾಗಿ ಎತ್ತಬಾರದು. ಎಚ್‌ಆರ್ ಕೇಳಿದರೆ ನಿಜವನ್ನೇ ಹೇಳಿ, ಅದು ನಾಲ್ಕು ವರ್ಷ ಹಿಂದಿನ ಮೊತ್ತ ಎಂದು ಸೇರಿಸಬೇಕು.

ಲೆವೆಲ್‌ಗೆ ಶಿಫಾರಸು ಮಾಡುವುದು ಮ್ಯಾನೇಜರ್, ಮೊತ್ತಕ್ಕೆ ಒಪ್ಪಿಗೆ ಕೊಡುವುದು ಬಹುಮಟ್ಟಿಗೆ ಎಚ್‌ಆರ್. ಹೀಗಾಗಿ “20 ಲಕ್ಷ ಕೊಡುತ್ತೇವೆ” ಎಂಬ ಉತ್ತರ ಬಂದರೆ ಅದನ್ನು ಬಿಡಿಸಿ ನೋಡಬೇಕು. ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್ ಸೇರಿರುತ್ತದೆ, ಗ್ರಾಚ್ಯುಟಿಯನ್ನೂ ಹಲವರು ಸೇರಿಸುತ್ತಾರೆ. ಅದರಲ್ಲಿ 3 ಲಕ್ಷ ವೇರಿಯಬಲ್ ಪೇ ಆಗಿದ್ದರೆ ಖಚಿತವಾಗಿ ಸಿಗುವುದು 17 ಲಕ್ಷದ ಲೆಕ್ಕ ಮಾತ್ರ, ಅದರಲ್ಲೂ ಪಿಎಫ್, ತೆರಿಗೆ ಕಳೆಯಬೇಕು.

ಲೀಡ್ ಲೆವೆಲ್ ಈಗ ಆಗದೆಂದರೆ ಆರು ತಿಂಗಳಿಗೆ ಲೆವೆಲ್ ಮರುಪರಿಶೀಲನೆ ಕೇಳುವುದು ನ್ಯಾಯವಾದ ದಾರಿ. “ಅಪ್ರೈಸಲ್‌ನಲ್ಲಿ ನೋಡೋಣ” ಎಂಬ ಬಾಯಿಮಾತು ಅದಕ್ಕೆ ಸಮನಲ್ಲ, ಮ್ಯಾನೇಜರ್ ಬದಲಾದರೆ ಅದೂ ಹೋಯಿತು. ಪರಿಶೀಲನೆಯ ತಿಂಗಳು ಆಫರ್ ಲೆಟರ್‌ನಲ್ಲೇ ಬರೆದು ಬಂದ ಮೇಲಷ್ಟೇ ಸಹಿ ಹಾಕಬೇಕು.